ಪ್ರತಿಕ್ರಿಯೆ: ಇಬ್ಬರ ಮಾರ್ಜಿನ್, ಒಂದು ಜರಡಿ

> "ಕಲಬುರಗಿ ದಾಲ್ ಮಿಲ್ಲಿಗೆ ಜರಡಿ ಮಾಡೋರು ಒಬ್ಬರೇ, ಮಾರೋ ಡೀಲರೂ ಒಬ್ಬರೇ ಅಂತ ಇಟ್ಕೊಳ್ರಿ. ಇಬ್ಬರೂ ಒಂದಾದ್ರ ರೇಟ್ ಏರಬೇಕಲ್ಲ, ಇಳಿಯೋದು ಹ್ಯಾಂಗ?"

ಲೆಕ್ಕ ಹಾಕಿ ನೋಡ್ರಿ. ಜರಡಿ ತಯಾರಿಸಲು 200 ರೂಪಾಯಿ ಖರ್ಚು. 1000 ರೂಪಾಯಿ ಇಟ್ಟರೆ ಯಾರೂ ಕೊಳ್ಳುವುದಿಲ್ಲ. ಅಲ್ಲಿಂದ ಪ್ರತಿ 10 ರೂಪಾಯಿ ಇಳಿಸಿದರೆ ತಿಂಗಳಿಗೆ ಒಂದು ಹೆಚ್ಚು ಹೋಗುತ್ತದೆ. ತಯಾರಕನಿಗೆ ಲಾಭ ಅತಿ ಹೆಚ್ಚು ಸಿಗುವ ಸಗಟು ದರ 600. ಆ ದರಕ್ಕೆ ಕೊಂಡ ಡೀಲರ್ ಮಾರುವ ಬೆಲೆ 800 ಇಡುತ್ತಾನೆ, 20 ಜರಡಿ ಮಾರಾಟ. ತಯಾರಕನಿಗೆ 8000, ಡೀಲರಿಗೆ 4000.

ಡೀಲರ್ 790ಕ್ಕೆ ಯಾಕೆ ಇಳಿಯುವುದಿಲ್ಲ? 21 ಜರಡಿಗೆ 190ರಂತೆ 3990, ಅವನಿಗೆ ಹತ್ತು ರೂಪಾಯಿ ನಷ್ಟ. ಆದರೆ ಆ ಒಂದು ಜರಡಿಯಿಂದ ತಯಾರಕನಿಗೆ 400 ಬರುತ್ತಿತ್ತು. ಅದು ಡೀಲರನ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಸಮಸ್ಯೆಯ ಬೇರು ಇದೇ. ಇಬ್ಬರೂ ಒಂದಾದರೆ ಆ 400 ಕೂಡ ತಮ್ಮದೇ. ಆಗ 600ಕ್ಕೆ 40 ಮಾರಿ 16000 ಗಳಿಸುತ್ತಾರೆ.

ಆದರೆ ಒಂದಾದ ಮೇಲೂ ಅಂಗಡಿ ವಿಭಾಗಕ್ಕೆ 600 ಎಂದೇ ಬಿಲ್ ಹಾಕಿ ಲಾಭ ಕೇಳಿದರೆ ಬೆಲೆ ಮತ್ತೆ 800. ಒಳಗಿನ ದರ 200 ಇರಲೇಬೇಕು. ಡೀಲರುಗಳು ಹಲವರಿದ್ದು ಪೈಪೋಟಿ ಜೋರಿದ್ದರೆ ಮೊದಲೇ ಬೆಲೆ 600ರ ಸುತ್ತ ಇರುತ್ತದೆ, ವಿಲೀನದಿಂದ ಈ ಇಳಿಕೆ ಸಿಗುವುದಿಲ್ಲ.