ಮನೆಯೊಳಗೆ ನೀಲಿ ಚುಕ್ಕೆ ಯಾಕೆ ಅಲೆಯುತ್ತೆ?

"ಬಳ್ಳಾರಿಯಲ್ಲಿ ನಮ್ಮ ಆರ್‌ಸಿಸಿ ಮನೆಯೊಳಗೆ ಸುಮ್ನೆ ಕೂತಿದ್ರೂ ಮ್ಯಾಪಿನ ಚುಕ್ಕೆ ಹಿಂದಿನ ಬೀದಿಗೆ ಹೋಗುತ್ತೆ. ಫೋನ್ ಕೆಟ್ಟಿದೆಯಾ?"

ಇಲ್ಲ ಸರ್, ಫೋನ್ ಸರಿಯಾಗಿಯೇ ಇದೆ. ಜಿಪಿಎಸ್ ಅಳೆಯುವುದು ಸಮಯವನ್ನು. ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳು ತಾವು ಎಲ್ಲಿದ್ದೇವೆ, ಸಿಗ್ನಲ್ ಎಷ್ಟು ಹೊತ್ತಿಗೆ ಹೊರಟಿತು ಎಂದು ಸಾರುತ್ತಲೇ ಇರುತ್ತವೆ. ಅದು ತಲುಪಲು ಹಿಡಿದ ಸಮಯದಿಂದ ಫೋನ್ ದೂರ ಲೆಕ್ಕ ಹಾಕುತ್ತದೆ. ಮೂರು ದೂರ ಗೊತ್ತಾದರೆ ಜಾಗ ಸಿಗಬೇಕು, ಅಲ್ವಾ? ಆದರೆ ಫೋನಿನ ಗಡಿಯಾರ ಅಷ್ಟು ನಿಖರವಲ್ಲ. ಅದರ ತಪ್ಪನ್ನೂ ಕಂಡುಹಿಡಿಯಲು ನಾಲ್ಕನೇ ಉಪಗ್ರಹ ಬೇಕು.

ಈಗ ನಿಮ್ಮ ಮನೆಗೆ ಬರೋಣ. ಆ ಸಿಗ್ನಲ್ ಬಯಲಲ್ಲೇ ಬಹಳ ಕ್ಷೀಣ. ಕಾಂಕ್ರೀಟ್ ಛಾವಣಿ, ಒಳಗಿನ ಕಬ್ಬಿಣ ಅದನ್ನು ಇನ್ನೂ ತಗ್ಗಿಸುತ್ತವೆ. ನೇರ ಸಿಗ್ನಲ್ ಸಿಗದಿದ್ದಾಗ, ಎದುರಿನ ಕಟ್ಟಡಕ್ಕೆ ಬಡಿದು ಕಿಟಕಿಯಿಂದ ಬಂದದ್ದನ್ನೇ ಫೋನ್ ಹಿಡಿಯುತ್ತದೆ. ಆ ಸುತ್ತು ದಾರಿ 30 ಮೀಟರ್ ಜಾಸ್ತಿ ಇದ್ದರೆ, ಸಿಗ್ನಲ್ ಸೆಕೆಂಡಿನ ಕೋಟಿಯಲ್ಲೊಂದು ಭಾಗದಷ್ಟು ತಡವಾಗುತ್ತದೆ. ಆ ಉಪಗ್ರಹ 30 ಮೀಟರ್ ಹೆಚ್ಚು ದೂರವಿದೆ ಎಂದೇ ಫೋನ್ ನಂಬುತ್ತದೆ, ಚುಕ್ಕೆ ಜಾಗ ಬಿಡುತ್ತದೆ. ಉಪಗ್ರಹಗಳು ಚಲಿಸುತ್ತಿರುವುದರಿಂದ ಈ ಪ್ರತಿಫಲನಗಳೂ ಬದಲಾಗುತ್ತವೆ. ಅದಕ್ಕೇ ನೀವು ಕೂತಲ್ಲೇ ಇದ್ದರೂ ಅದು ಅಲೆಯುತ್ತದೆ. ನಡುವೆ ಫೋನ್ ವೈಫೈ, ಟವರ್ ನೋಡಿ ಅಂದಾಜು ಮಾಡಿದರೆ ಚುಕ್ಕೆ ಒಮ್ಮೆಲೇ ಹಾರುವುದೂ ಉಂಟು.

ಚುಕ್ಕೆಯ ಸುತ್ತಲಿನ ತಿಳಿನೀಲಿ ವೃತ್ತ ನೋಡಿ. ದೊಡ್ಡದಾದಷ್ಟೂ ಫೋನಿಗೇ ಅನುಮಾನ ಜಾಸ್ತಿ. ಮಾಳಿಗೆ ಮೇಲೆ ಹೋಗಿ ಒಂದೆರಡು ನಿಮಿಷ ನಿಲ್ಲಿ. ವೃತ್ತ ಕುಗ್ಗಿ ಚುಕ್ಕೆ ನಿಂತರೆ ತೊಂದರೆ ಛಾವಣಿಯದು. ಅಲ್ಲೂ ಅಲೆದರೆ ಮಾತ್ರ ಫೋನ್ ತೋರಿಸಿ.