ಕೆನ್ನೆಯೊಳಗಿನ ಬಿಳಿ ಗೆರೆ: ಉರಿ ಹೋದ ಮೇಲೂ ತಪಾಸಣೆ ಯಾಕೆ?

ಗುರುತು ಸಿಗದಿರಲಿ ಅಂತ ಹೆಸರು, ವಯಸ್ಸು, ಕೆಲವು ವಿವರ ಬದಲಿಸಿದ್ದೇನೆ. ದಂತ ಆಸ್ಪತ್ರೆಯೊಂದರ ಬಾಯಿ ರೋಗ ವಿಭಾಗದಲ್ಲಿ ನನ್ನ ಕೆಲಸ. ರೋಗ ಗುರುತಿಸುವುದು, ಔಷಧ ಬರೆಯುವುದು ವೈದ್ಯರ ಪಾಲು. ಅವರು ಹೇಳಿದ್ದನ್ನು ರೋಗಿಯ ಜೊತೆ ಕೂತು ಬಿಡಿಸಿ ಮಾತಾಡುವುದು ನನ್ನ ಪಾಲು.

ಇವರನ್ನು ಗಂಗಮ್ಮ ಎಂದು ಕರೆಯೋಣ. ಐವತ್ತು ದಾಟಿದ ಹೆಂಗಸು, ಉತ್ತರ ಕರ್ನಾಟಕದ ಸಣ್ಣ ಊರಿನಲ್ಲಿ ಖಾನಾವಳಿ ನಡೆಸುತ್ತಾರೆ. ಸಕ್ಕರೆ ಕಾಯಿಲೆ ಇದೆ, ಮಾತ್ರೆ ತಗೊಳ್ತಾರೆ. ಸುಮಾರು ಎಂಟು ತಿಂಗಳಿಂದ ಬಾಯಲ್ಲಿ ಉರಿ. ಎಣ್ಣೆಗಾಯಿಯ ಖಾರ ನೋಡಲು ನಾಲಿಗೆಗೆ ಒಂಚೂರು ಹಚ್ಚಿಕೊಂಡರೂ ಕೆನ್ನೆಯೊಳಗೆ ಕೆಂಡ ಇಟ್ಟ ಹಾಗೆ ಆಗುತ್ತಿತ್ತು. ಔಷಧದ ಅಂಗಡಿಯವರು ಬಿ ಕಾಂಪ್ಲೆಕ್ಸ್ ಗುಳಿಗೆ ಕೊಟ್ಟರು. ಊರಿನ ಡಾಕ್ಟರು ಹೊಟ್ಟೆಯ ಉಷ್ಣ ಅಂದರು. ನಮ್ಮಲ್ಲಿ ಬಾಯಿಯ ಎಲ್ಲ ತೊಂದರೆಗೂ ಹೊಟ್ಟೆಯೇ ಹೊಣೆ, ಅಲ್ವಾ? ಕೊನೆಗೆ ಒಂದು ದಿನ ಕನ್ನಡಿ ಮುಂದೆ ಕೆನ್ನೆ ಎಳೆದು ನೋಡಿದಾಗ ಬಿಳಿ ಗೆರೆಗಳು ಕಂಡವು. ಮಗ ಮೊಬೈಲಿನಲ್ಲಿ ಹುಡುಕಿ ನೋಡಿ ಸುಮ್ಮನಾದ. ಅವನ ಮುಖ ನೋಡಿಯೇ ಅವರಿಗೆ ಅರ್ಧ ಜೀವ ಹೋಗಿತ್ತು.

ನನ್ನ ಕೋಣೆಗೆ ಬಂದಾಗ ಅವರ ಮೊದಲ ಪ್ರಶ್ನೆ ಕ್ಯಾನ್ಸರಿನದ್ದಲ್ಲ. "ಮ್ಯಾಡಂ, ಇದು ಮಂದಿಗೆ ಹತ್ತೂ ರೋಗ ಏನ್ರಿ?" ಅಂದರು. ಜೊತೆಗೆ ಬಂದಿದ್ದ ಸೊಸೆ ಹೇಳಿದಳು, ಅತ್ತೆ ಎರಡು ತಿಂಗಳಿಂದ ತಮ್ಮ ತಾಟು, ಲೋಟ ಬೇರೆ ಇಟ್ಟಿದ್ದಾರೆ, ಮೊಮ್ಮಗುವಿಗೆ ಮುತ್ತು ಕೊಡುವುದನ್ನೂ ಬಿಟ್ಟಿದ್ದಾರೆ ಅಂತ. ಮೊದಲು ಅದನ್ನೇ ತೀರಿಸಿದೆ. ಇದು ಅಂಟುವುದಿಲ್ಲ. ಎಂಜಲಿನಿಂದ ಬರುವುದಿಲ್ಲ, ಅಡುಗೆಯಿಂದ ಹರಡುವುದಿಲ್ಲ. ಇದರ ಹೆಸರು ಓರಲ್ ಲೈಕನ್ ಪ್ಲಾನಸ್. ದೇಹವನ್ನು ಕಾಯಬೇಕಾದ ಬಿಳಿ ರಕ್ತಕಣಗಳು ಬಾಯಿಯ ಒಳಪದರದ ತಳದ ಜೀವಕೋಶಗಳ ಮೇಲೆಯೇ ತಿರುಗಿಬೀಳುತ್ತವೆ. ಯಾಕೆ ಹಾಗಾಗುತ್ತದೆ ಅನ್ನುವುದಕ್ಕೆ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ. ನಡುವಯಸ್ಸಿನ ಹೆಂಗಸರಲ್ಲಿ ಜಾಸ್ತಿ.

ವೈದ್ಯರು ಏನೇನು ನೋಡಿದರು ಅನ್ನುವುದನ್ನೂ ಅವರಿಗೆ ಒಂದೊಂದಾಗಿ ಹೇಳಿದೆ. ಗೆರೆಗಳು ಎರಡೂ ಕೆನ್ನೆಯಲ್ಲಿ ಹೆಚ್ಚುಕಡಿಮೆ ಒಂದೇ ಥರ, ಬಲೆಯಂತೆ ಹೆಣೆದುಕೊಂಡಿದ್ದವು. ಗಾಜ್ ಬಟ್ಟೆಯಿಂದ ಒರೆಸಿದರೂ ಹೋಗಲಿಲ್ಲ. ಮೊಸರು ಮೆತ್ತಿದ ಹಾಗಿರುವ ಫಂಗಸ್ ಪದರವಾಗಿದ್ದರೆ ಒರೆಸಿದಾಗ ಎದ್ದು ಬರಬೇಕಿತ್ತು. ಎಡಗೆನ್ನೆಯ ಹಿಂಭಾಗದಲ್ಲಿ ಗೆರೆಗಳ ನಡುವೆ ಚರ್ಮ ತೆಳುವಾಗಿ ಕೆಂಪಾಗಿತ್ತು. ಒಸಡಿನ ಅಂಚೂ ಕೆಂಪಾಗಿತ್ತು. ಉರಿ ಇದ್ದದ್ದು ಈ ಕೆಂಪಿನಿಂದ. ಬರೀ ಬಿಳಿ ಗೆರೆ ಇರುವ ಎಷ್ಟೋ ಜನರಿಗೆ ನೋವೇ ಇರುವುದಿಲ್ಲ. ಹಲ್ಲು ತೋರಿಸಲು ಬಂದಾಗಲೇ ಅವರಿಗೆ ಗೊತ್ತಾಗುವುದು.

ಗಂಗಮ್ಮನಿಗೆ ಊಟದ ನಂತರ ಎಲೆ, ಅಡಿಕೆ, ಸುಣ್ಣ ಬೇಕು. ಹೊಗೆಸೊಪ್ಪು ಇಲ್ಲ. ಅದನ್ನು ಯಾವ ಕೆನ್ನೆಯಲ್ಲಿ ಇಟ್ಟುಕೊಳ್ತೀರಿ ಅಂತ ವೈದ್ಯರು ಕೇಳಿದ್ದು ಅವರಿಗೆ ವಿಚಿತ್ರ ಅನಿಸಿತ್ತು. ಕಾರಣ ಇದೆ. ಎಲೆ ಅಡಿಕೆ ಇಡುವ ಜಾಗದಲ್ಲಿ ಮಾತ್ರ, ಒಂದೇ ಬದಿಯಲ್ಲಿ, ಇದೇ ಥರದ ಗೆರೆ ಮೂಡುವುದುಂಟು. ಹಳೆಯ ಬೆಳ್ಳಿ ತುಂಬಿಸಿದ ಹಲ್ಲಿಗೆ ತಾಗುವ ಕಡೆಯೂ ಮೂಡುತ್ತದೆ. ಬಿಪಿ, ಸಕ್ಕರೆ, ಕೀಲುನೋವಿನ ಕೆಲವು ಮಾತ್ರೆಗಳಿಂದಲೂ ಬರಬಹುದು. ಅದಕ್ಕೇ ಮಾತ್ರೆ ಚೀಟಿ ತರಿಸಿ ನೋಡಿದರು. ಅವರ ವಿಷಯದಲ್ಲಿ ಮಾತ್ರೆ ಶುರುವಾಗಿ ಎಷ್ಟೋ ವರ್ಷದ ಮೇಲೆ ಗೆರೆ ಬಂದದ್ದರಿಂದ ಅದನ್ನು ಬದಲಿಸಲಿಲ್ಲ. ಮಾತ್ರೆ ಮೇಲೆ ಅನುಮಾನ ಬಂದರೂ ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ ಅಂತ ಹೇಳಿದೆ.

ಬಯಾಪ್ಸಿ ಅಂದ ಕೂಡಲೇ ಅವರು ಅತ್ತರು. ಮೈದುನ ಗುಟ್ಕಾ ತಿಂದು ಬಾಯಿ ಕ್ಯಾನ್ಸರಿನಿಂದ ತೀರಿಕೊಂಡಿದ್ದ. "ಅವಗೂ ಮೊದಲ ತುಂಡು ತೆಗದ್ರು, ಆಮ್ಯಾಲ ಎಲ್ಲಾ ಹಬ್ಬಿತ್ರಿ" ಅಂದರು. ತುಂಡು ತೆಗೆದರೆ ರೋಗ ಹಬ್ಬುತ್ತದೆ ಅನ್ನುವ ಈ ನಂಬಿಕೆ ನನಗೆ ಆಗಾಗ ಎದುರಾಗುತ್ತದೆ. ಜನ ಕೊನೇ ಹಂತದಲ್ಲಿ ಬರುತ್ತಾರೆ, ಪರೀಕ್ಷೆ ಆಗುತ್ತದೆ, ರೋಗ ತನ್ನ ದಾರಿ ಹಿಡಿಯುತ್ತದೆ. ಅಪವಾದ ಪರೀಕ್ಷೆಯ ತಲೆಗೆ. ಕೆನ್ನೆ ಮರಗಟ್ಟಿಸಿ ಸಣ್ಣ ಚೂರು ತೆಗೆದು ಒಂದೆರಡು ಹೊಲಿಗೆ ಹಾಕುತ್ತಾರೆ, ಹೆಸರು ಖಚಿತವಾಗಲು ಮತ್ತು ಜೀವಕೋಶಗಳ ರೂಪ ಕೆಟ್ಟಿದೆಯಾ ನೋಡಲು ಅಷ್ಟೇ ಅಂತ ವಿವರಿಸಿದೆ. ವರದಿ ಬಂತು. ಲೈಕನ್ ಪ್ಲಾನಸ್ ಹೌದು, ಡಿಸ್‌ಪ್ಲೇಸಿಯಾ ಇಲ್ಲ. ಅಂದರೆ ಕ್ಯಾನ್ಸರ್ ಕಡೆ ವಾಲುವ ಬದಲಾವಣೆ ಆ ಚೂರಿನಲ್ಲಿ ಕಾಣಲಿಲ್ಲ.

ಹಚ್ಚಲು ಟ್ರಯಾಮ್ಸಿನೊಲೋನ್ ಪೇಸ್ಟ್ ಕೊಟ್ಟರು. ಎರಡು ವಾರದ ಮೇಲೆ ಬಂದು, ಏನೂ ಉಪಯೋಗ ಇಲ್ಲ ಅಂದರು. ಹೇಗೆ ಹಚ್ತೀರಿ ತೋರಿಸಿ ಅಂದೆ. ಬೆರಳಿಗೆ ತಗೊಂಡು ಒಸಡಿಗೆ ಹಲ್ಲುಪುಡಿ ತಿಕ್ಕಿದ ಹಾಗೆ ಕೆನ್ನೆಗೆ ತಿಕ್ಕಿದರು. ಆ ಪೇಸ್ಟ್ ಹಾಗೆ ತಿಕ್ಕಿದರೆ ಮರಳಿನ ಹಾಗೆ ಪುಡಿಪುಡಿಯಾಗುತ್ತದೆ, ನಿಲ್ಲುವುದಿಲ್ಲ. ಊಟ ಮುಗಿಸಿ, ಬಾಯಿ ತೊಳೆದು, ಹತ್ತಿಯಿಂದ ಆ ಜಾಗ ಒಣಗಿಸಿ, ತೆಳ್ಳಗೆ ಒತ್ತಿ ಇಡಬೇಕು. ಆಮೇಲೆ ಅರ್ಧ ಗಂಟೆ ನೀರೂ ಕುಡಿಯಬಾರದು. ರಾತ್ರಿ ಮಲಗುವ ಮುಂಚೆ ಹಚ್ಚುವುದು ಎಲ್ಲಕ್ಕಿಂತ ಒಳ್ಳೆಯದು. ಇದು ಸ್ಟಿರಾಯ್ಡ್, ಅವರಿಗೆ ಸಕ್ಕರೆ ಬೇರೆ ಇದೆ. ಒರೆಸಿದರೆ ಎದ್ದು ಬರುವ ಹೊಸ ಬಿಳಿ ಪದರ ಕಂಡರೆ ಫಂಗಸ್ ಇರಬಹುದು, ಬಂದು ತೋರಿಸಿ ಅಂತಲೂ ಹೇಳಿದೆ. ಔಷಧ ಉರಿಯನ್ನು, ಕೆಂಪನ್ನು ಇಳಿಸುತ್ತದೆ. ಗೆರೆಗಳನ್ನು ಅಳಿಸುವುದು ಅದರ ಗುರಿ ಅಲ್ಲ. ಇದನ್ನು ಮೊದಲೇ ಹೇಳದಿದ್ದರೆ ಗೆರೆ ಉಳಿದದ್ದು ನೋಡಿ ಜನ ಔಷಧ ಬಿಟ್ಟುಬಿಡುತ್ತಾರೆ.

ಖಾನಾವಳಿಯ ಮಾತೂ ಬಂತು. ಉರಿ ಇರುವಷ್ಟು ದಿನ ಉಪ್ಪು ಖಾರ ನೋಡುವ ಕೆಲಸ ಸೊಸೆಗೆ. ನೊರೆ ಕಡಿಮೆ ಇರುವ, ಪುದೀನ ಖಾರವಿಲ್ಲದ ಪೇಸ್ಟ್, ಮೆತ್ತನೆಯ ಬ್ರಷ್. ಅಡಿಕೆಯ ವಿಷಯದಲ್ಲಿ ಮಾತ್ರ ನಾನು ಚೌಕಾಸಿ ಮಾಡಲಿಲ್ಲ. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಬಾಯಿ ಕ್ಯಾನ್ಸರಿಗೆ ಕಾರಣ. ಮೊದಲೇ ಕೆರಳಿದ ಬಾಯಿಗೆ ಅದನ್ನು ಸೇರಿಸುವುದು ಬೇಡವೇ ಬೇಡ ಅಂದೆ.

ಒಂದು ಪ್ರಶ್ನೆಯನ್ನು ಸೊಸೆಯನ್ನು ಹೊರಗೆ ಕಳಿಸಿ ಕೇಳಿದೆ. ಕೆಳಗೆ ಉರಿ, ತುರಿಕೆ ಏನಾದರೂ ಇದೆಯಾ? ತುಂಬಾ ಹೊತ್ತು ತಲೆ ತಗ್ಗಿಸಿ ಕೂತು, ಹೌದು ಅಂದರು. ಸಕ್ಕರೆಯಿಂದ ಅಂದುಕೊಂಡು ಯಾರಿಗೂ ಹೇಳಿರಲಿಲ್ಲ. ಬಾಯಿಯಲ್ಲಿ, ಅದರಲ್ಲೂ ಒಸಡಿನಲ್ಲಿ, ಈ ರೋಗ ಇರುವ ಕೆಲವು ಹೆಂಗಸರಿಗೆ ಜನನಾಂಗದಲ್ಲೂ ಇರುತ್ತದೆ. ಬಿಟ್ಟರೆ ಗಾಯ ಒಣಗುತ್ತಾ ಅಲ್ಲಿನ ಚರ್ಮ ಅಂಟಿಕೊಂಡು ದಾರಿ ಕಿರಿದಾಗಬಹುದು. ಸ್ತ್ರೀರೋಗ ತಜ್ಞೆಗೆ ತೋರಿಸಿದೆವು. ಅಲ್ಲೂ ಇದೇ ಇತ್ತು. ದಂತ ಆಸ್ಪತ್ರೆಯಲ್ಲಿ ಈ ಪ್ರಶ್ನೆಯನ್ನು ಯಾರೂ ನಿರೀಕ್ಷಿಸುವುದಿಲ್ಲ, ಹಾಗಾಗಿ ನಾವೇ ಕೇಳಬೇಕು.

ಆರು ತಿಂಗಳ ತಪಾಸಣೆಗೆ ಗಂಗಮ್ಮ ಬರಲಿಲ್ಲ. ಫೋನ್ ಮಾಡಿದೆ. "ಈಗ ಉರಿ ಇಲ್ಲಲ್ರಿ. ವರದಿನೂ ಚಲೋ ಬಂದೈತಿ. ಸುಮ್ನ ಯಾಕ ಬರೂದು?" ಅಂದರು. ಮೊದಲು ಕ್ಯಾನ್ಸರೇ ಅಂದುಕೊಂಡಿದ್ದವರು ಈಗ ಏನೂ ಇಲ್ಲ ಅನ್ನುವಲ್ಲಿಗೆ ಬಂದಿದ್ದರು. ನಾನು ನೋಡಿದ ಮಟ್ಟಿಗೆ ಜಾಸ್ತಿ ಜನ ಕೈತಪ್ಪಿ ಹೋಗುವುದು ಇಲ್ಲಿಯೇ.

ಮಾರನೇ ವಾರ ಅವರನ್ನು ಕರೆಸಿ ಕೂರಿಸಿಕೊಂಡು ಹೇಳಿದ್ದು ಇಷ್ಟು. ಚರ್ಮದ ಮೇಲೆ ಬರುವ ಲೈಕನ್ ಪ್ಲಾನಸ್ ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ಹೋಗುತ್ತದೆ. ಬಾಯಿಯದ್ದು ಹಾಗಲ್ಲ, ಹತ್ತಾರು ವರ್ಷ ಇರುತ್ತದೆ, ಏರುತ್ತದೆ, ಇಳಿಯುತ್ತದೆ. ಇಷ್ಟು ವರ್ಷಗಳಲ್ಲಿ 100 ಜನರಲ್ಲಿ ಸುಮಾರು ಒಬ್ಬರಿಗೆ ಬಾಯಿ ಕ್ಯಾನ್ಸರ್ ಆಗಬಹುದು. ಉಳಿದ 99 ಜನರಿಗೆ ಆಗುವುದಿಲ್ಲ. ಆ ಒಬ್ಬರು ಯಾರು ಅಂತ ಇವತ್ತೇ ಹೇಳುವ ಪರೀಕ್ಷೆ ಇಲ್ಲ. ಕೆಂಪು, ಹುಣ್ಣು ಇರುವವರಿಗೆ, ನಾಲಿಗೆಯ ಮೇಲೆ ಇರುವವರಿಗೆ, ತಂಬಾಕು ಮತ್ತು ಮದ್ಯ ಬಳಸುವವರಿಗೆ ಅಪಾಯ ಹೆಚ್ಚು. ಆದರೆ ನೋವಿಲ್ಲದ ಬಿಳಿ ಜಾಗಕ್ಕೂ ಪೂರ್ತಿ ವಿನಾಯಿತಿ ಇಲ್ಲ. ಬಯಾಪ್ಸಿ ವರದಿ ಹೇಳಿದ್ದು ಆ ದಿನ, ಆ ಚೂರಿನ ಕಥೆ. ಕ್ಯಾನ್ಸರ್ ಶುರುವಿನಲ್ಲಿ ನೋಯುವುದೂ ಇಲ್ಲ. ಹಾಗಾಗಿ ಉರಿ ಇಲ್ಲ ಅನ್ನುವುದನ್ನು ನಂಬಿ ಕೂರಲಾಗದು.

ತಪಾಸಣೆಗೆ ಜಾಸ್ತಿ ಹೊತ್ತೇನೂ ಹಿಡಿಯುವುದಿಲ್ಲ. ಕೆನ್ನೆ, ಒಸಡು, ಅಂಗುಳ ನೋಡುತ್ತಾರೆ. ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಎರಡೂ ಅಂಚು, ತಳ ನೋಡುತ್ತಾರೆ. ಬೆರಳಿನಿಂದ ಒತ್ತಿ ಎಲ್ಲಾದರೂ ಗಟ್ಟಿಯಾಗಿದೆಯಾ ಅಂತ ಪರೀಕ್ಷಿಸುತ್ತಾರೆ, ಕುತ್ತಿಗೆಯ ಗಂಟು ಮುಟ್ಟುತ್ತಾರೆ. ಹೊಸ ಫೋಟೊ ತೆಗೆದು ಹಳೆಯದರ ಪಕ್ಕ ಇಡುತ್ತಾರೆ. ಆ ದಿನ ಗಂಗಮ್ಮನ ಗೆರೆಗಳು ಹಾಗೆಯೇ ಇದ್ದವು, ಕೆಂಪು ಇಳಿದಿತ್ತು. ಕೆಂಪಿದ್ದ ಕಡೆ ಕಂದು ಬಣ್ಣ ಬಂದಿತ್ತು. ಉರಿಯೂತ ಆರಿದ ಮೇಲೆ ನಮ್ಮ ಮೈಬಣ್ಣದವರಲ್ಲಿ ಅದು ಸಾಮಾನ್ಯ. ಆದರೆ ನಾಲಿಗೆಯ ಬಲ ಅಂಚಿನಲ್ಲಿ ಹೊಸ ಹುಣ್ಣೊಂದಿತ್ತು. ಅವರಿಗೆ ಗೊತ್ತೇ ಇರಲಿಲ್ಲ. ಎದುರಿಗೇ ಮುರಿದ ದವಡೆ ಹಲ್ಲಿನ ಚೂಪು. ವೈದ್ಯರು ಚೂಪು ಉಜ್ಜಿ ನುಣುಪು ಮಾಡಿ, ಎರಡು ವಾರಕ್ಕೆ ಬರಲು ಹೇಳಿದರು. ಆಗಲೂ ಮಾಯದಿದ್ದರೆ ಅಲ್ಲಿಂದಲೂ ಚೂರು ತೆಗೆಯುವುದು ಅಂತ ಆ ದಿನವೇ ತಿಳಿಸಿದರು. ಎರಡು ವಾರಕ್ಕೆ ಹುಣ್ಣು ಮಾಯಿತ್ತು.

ಮನೆಯಲ್ಲಿ ನೋಡಿಕೊಳ್ಳಲು ಕೆಲವನ್ನು ಬರೆದುಕೊಟ್ಟೆ. ಎರಡು ವಾರ ಕಳೆದರೂ ಮಾಯದ ಹುಣ್ಣು, ಒಂದೇ ಕಡೆ ದಪ್ಪವಾಗುವ ಬಿಳಿ ಅಥವಾ ಕೆಂಪು ಜಾಗ, ಗಟ್ಟಿ ಗಂಟು, ಕಾರಣವಿಲ್ಲದೆ ಸಡಿಲವಾದ ಹಲ್ಲು, ತುಟಿ ಮರಗಟ್ಟುವುದು, ನುಂಗಲು ಕಷ್ಟ, ಕುತ್ತಿಗೆಯ ಊತ. ಇವುಗಳಲ್ಲಿ ಯಾವುದು ಕಂಡರೂ ಆರು ತಿಂಗಳು ಕಾಯದೆ ಬರಬೇಕು. ಬೇರೇನೂ ಇಲ್ಲದಿದ್ದರೂ ಆರು ತಿಂಗಳಿಗೊಮ್ಮೆ ಬರಬೇಕು. ಕೆಂಪು ಮತ್ತೆ ಎದ್ದರೆ ಇನ್ನೂ ಬೇಗ.

ಬಸ್ಸಿಗೆ ದುಡ್ಡು, ಒಂದು ದಿನದ ವ್ಯಾಪಾರ ಎರಡೂ ಹೋಗುತ್ತದೆ, ಮಗ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರೆ ನಡೆಯೋದಿಲ್ವಾ ಅಂತ ಸೊಸೆ ಕೇಳಿದಳು. ಮಧ್ಯೆ ಏನಾದರೂ ಅನುಮಾನ ಬಂದರೆ ಕಳಿಸಿ, ಬೇಗ ಬರಬೇಕಾ ಅಂತ ಹೇಳಲು ಅದು ಸಾಕು ಅಂದೆ. ಆದರೆ ಫೋಟೊದಲ್ಲಿ ಗಟ್ಟಿತನ ಗೊತ್ತಾಗುವುದಿಲ್ಲ, ನಾಲಿಗೆಯ ತಳ ಸರಿಯಾಗಿ ಬರುವುದಿಲ್ಲ, ಕುತ್ತಿಗೆ ಮುಟ್ಟಿ ನೋಡಲೂ ಆಗುವುದಿಲ್ಲ. ಅವರ ಖಾನಾವಳಿಗೆ ಸೋಮವಾರ ರಜೆ. ಯುಗಾದಿ ಆದ ಮೇಲಿನ ಮೊದಲ ಸೋಮವಾರ, ದಸರೆ ಆದ ಮೇಲಿನ ಮೊದಲ ಸೋಮವಾರ ಅಂತ ಅವರೇ ಗೊತ್ತುಮಾಡಿಕೊಂಡರು. ಸೊಸೆ ಅದನ್ನು ಉದ್ರಿ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡಳು.