ಅಣ್ಣ ಎಂದು ಕರೆದರೂ ಆದಾಯ ತೆರಿಗೆಗೆ ಅಣ್ಣನಲ್ಲ

ಪ್ರಶ್ನೆ: ಮಂಡ್ಯದಲ್ಲಿ ಮನೆ ಕಟ್ಟಿಸಿ 2025ರ ನವೆಂಬರಿನಲ್ಲಿ ಗೃಹಪ್ರವೇಶ ಮಾಡಿದೆ. ಸೋದರಮಾವ 4 ಲಕ್ಷ, ದೊಡ್ಡಪ್ಪನ ಮಗ ಅಣ್ಣ 40,000, ಜೊತೆಗೆ ಓದಿದ ಸ್ನೇಹಿತ 35,000 ರೂಪಾಯಿ ಉಡುಗೊರೆಯೆಂದು ನನ್ನ ಖಾತೆಗೆ ಹಾಕಿದರು. ಸಂಬಳ ವರ್ಷಕ್ಕೆ 12.5 ಲಕ್ಷ, ಹೊಸ ತೆರಿಗೆ ಪದ್ಧತಿ, ಬೇರೆ ಆದಾಯವಿಲ್ಲ. ನೆಂಟರ ಹಣಕ್ಕೆ ತೆರಿಗೆ ಇಲ್ಲ, ಸ್ನೇಹಿತನದು ಐವತ್ತು ಸಾವಿರದ ಒಳಗಿದೆ, ಏನೂ ಕಟ್ಟಬೇಕಿಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಸರಿಯೇ?

ಉತ್ತರ: ನಿಮ್ಮ ಸಹೋದ್ಯೋಗಿಗಳು ಅರ್ಧ ಸರಿ. ಆದರೆ ಉಳಿದರ್ಧಕ್ಕೆ ನೀವು ಸುಮಾರು 52,000 ರೂಪಾಯಿ ತೆರಬೇಕಾಗಬಹುದು. ನಾನು ಮೈಸೂರಿನಲ್ಲಿ ಬಹಳ ವರ್ಷಗಳಿಂದ ಸಂಬಳದಾರರ ರಿಟರ್ನ್ಸ್ ಸಲ್ಲಿಸಿಕೊಡುವ ಕೆಲಸ ಮಾಡುತ್ತಿದ್ದೇನೆ. ಈ ಉಡುಗೊರೆಯ ಲೆಕ್ಕದಲ್ಲಿ ಜನ ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ನಾವು ಯಾರನ್ನು ನೆಂಟರು ಎನ್ನುತ್ತೇವೆಯೋ ಕಾಯಿದೆ ಅವರೆಲ್ಲರನ್ನೂ ನೆಂಟರೆನ್ನುವುದಿಲ್ಲ.

ನಿಮಗೆ ಹಣ ಬಂದದ್ದು 2025ರ ನವೆಂಬರಿನಲ್ಲಿ. ಹೀಗಾಗಿ ಅದಕ್ಕೆ 1961ರ ಆದಾಯ ತೆರಿಗೆ ಕಾಯಿದೆಯೇ ಅನ್ವಯಿಸುತ್ತದೆ. ಅದರಲ್ಲಿ ನೋಡಬೇಕಾದದ್ದು 56(2)(x) ಕಲಮು. ಅಲ್ಲಿ ‘ಸಂಬಂಧಿ’ ಎಂದರೆ ಯಾರು ಎಂಬ ಪಟ್ಟಿಯನ್ನೇ ಕೊಟ್ಟಿದ್ದಾರೆ. ಹಣ ಪಡೆದವರ ಗಂಡ ಅಥವಾ ಹೆಂಡತಿ, ಅವರ ಒಡಹುಟ್ಟಿದವರು, ಗಂಡನ ಅಥವಾ ಹೆಂಡತಿಯ ಒಡಹುಟ್ಟಿದವರು, ತಂದೆ ತಾಯಿಯರ ಒಡಹುಟ್ಟಿದವರು, ಇಬ್ಬರ ಕಡೆಯಿಂದಲೂ ನೇರವಾಗಿ ಮೇಲಿನ ಮತ್ತು ಕೆಳಗಿನ ತಲೆಮಾರುಗಳು, ಕೊನೆಗೆ ಇವರೆಲ್ಲರ ಗಂಡ ಅಥವಾ ಹೆಂಡತಿ. ಇಷ್ಟೇ. ಇವರು ಎಷ್ಟು ಕೊಟ್ಟರೂ ಪಡೆದವರಿಗೆ ತೆರಿಗೆ ಇಲ್ಲ. ಪಟ್ಟಿಯ ಹೊರಗಿರುವ ಯಾರೇ ಆಗಲಿ, ಒಂದೇ ಮನೆಯಲ್ಲಿ ಬೆಳೆದಿದ್ದರೂ, ಕಾಯಿದೆಯ ಕಣ್ಣಿಗೆ ನಿಮ್ಮ ಸ್ನೇಹಿತನ ಸಾಲಿನಲ್ಲೇ ನಿಲ್ಲುತ್ತಾರೆ.

ಈ ಪಟ್ಟಿಯನ್ನು ನಮ್ಮ ಕಡೆಯ ಸಂಬಂಧಗಳ ಹೆಸರಿಗೆ ಹೊಂದಿಸಿ ನೋಡಿದರೆ ವಿಚಿತ್ರಗಳು ಕಾಣುತ್ತವೆ. ಷಡ್ಡಕ ಪಟ್ಟಿಯೊಳಗಿದ್ದಾನೆ, ಏಕೆಂದರೆ ಅವನು ಹೆಂಡತಿಯ ಸಹೋದರಿಯ ಗಂಡ. ವಾರಗಿತ್ತಿಯೂ ಒಳಗೆ. ಅಳಿಯ, ಸೊಸೆ, ಅತ್ತೆ, ಮಾವ ಒಳಗೆ. ಆದರೆ ದಿನ ಬೆಳಗಾದರೆ ಮನೆಗೆ ಬಂದು ಹೋಗುವ ಬೀಗರು ಹೊರಗೆ. ನಿಮ್ಮ ಸೋದರಮಾವ ಒಳಗೆ, ನಿಮ್ಮ ಹೆಂಡತಿಯ ಸೋದರಮಾವ ನಿಮ್ಮ ಪಾಲಿಗೆ ಹೊರಗೆ. ಅದೇ ಮನುಷ್ಯ ಅದೇ ಹಣವನ್ನು ನಿಮ್ಮ ಹೆಂಡತಿಯ ಖಾತೆಗೆ ಹಾಕಿದ್ದರೆ ತೆರಿಗೆಯ ಮಾತೇ ಬರುವುದಿಲ್ಲ, ಆಕೆಗೆ ಅವರು ತಾಯಿಯ ಒಡಹುಟ್ಟಿದವರು.

ದೊಡ್ಡಪ್ಪನ ಮಗನದ್ದೂ ಇದೇ ತೊಡಕು. ಕನ್ನಡದಲ್ಲಿ ಅವನು ಅಣ್ಣ, ಅವನ ಹೆಂಡತಿ ಅತ್ತಿಗೆ, ಲಗ್ನಪತ್ರಿಕೆಯಲ್ಲೂ ಹಾಗೆಯೇ ಅಚ್ಚಾಗುತ್ತದೆ. ಕಾಯಿದೆಗೆ ಮಾತ್ರ ಅವನು ತಂದೆಯ ಅಣ್ಣನ ಮಗ. ತಂದೆಯ ಅಣ್ಣ ಪಟ್ಟಿಯಲ್ಲಿದ್ದಾರೆ, ಮಗ ಇಲ್ಲ.

ಇನ್ನೊಂದು ವಿಚಿತ್ರ ನನ್ನ ಮೇಲೆಯೇ ಬಂದದ್ದು. ಕೆಲವು ವರ್ಷಗಳ ಹಿಂದೆ ನನ್ನ ಮಂಡಿಯ ಶಸ್ತ್ರಚಿಕಿತ್ಸೆಗೆ ಅಕ್ಕನ ಮಗ ಎರಡು ಲಕ್ಷ ಕೊಡಲು ಬಂದ. ಅವನ ಓದಿಗೆ ನಾನು ಹಿಂದೆ ಅಷ್ಟೇ ಹಣ ಕೊಟ್ಟಿದ್ದೆ, ಆಗ ಅವನಿಗೆ ಒಂದು ಪೈಸೆ ತೆರಿಗೆ ಬರಲಿಲ್ಲ. ಅವನಿಗೆ ನಾನು ತಾಯಿಯ ತಮ್ಮ. ಆದರೆ ನನ್ನ ಕಡೆಯಿಂದ ಪಟ್ಟಿ ಓದಿದರೆ ಅಕ್ಕನ ಮಗ ಎಲ್ಲಿಯೂ ಇಲ್ಲ. ಸೋದರಮಾವ ಸೋದರಳಿಯನಿಗೆ ಕೊಡಬಹುದು, ಸೋದರಳಿಯ ಸೋದರಮಾವನಿಗೆ ಕೊಟ್ಟರೆ ಪೂರ್ತಿ ಎರಡು ಲಕ್ಷ ಮಾವನ ಆದಾಯ. ಅವನಿಗೆ ಇದನ್ನು ವಿವರಿಸುವಷ್ಟರಲ್ಲಿ ನನಗೆ ಮಂಡಿಯ ನೋವೇ ಮರೆತುಹೋಗಿತ್ತು. ಕೊನೆಗೆ ಬಡ್ಡಿಯಿಲ್ಲದ ಸಾಲವೆಂದು ಒಂದು ಹಾಳೆಯಲ್ಲಿ ಬರೆದುಕೊಟ್ಟು, ಬ್ಯಾಂಕಿನ ಮೂಲಕವೇ ಪಡೆದು, ಕಂತಿನಲ್ಲಿ ಬ್ಯಾಂಕಿನ ಮೂಲಕವೇ ತೀರಿಸಿದೆ. ಸಾಲ ಆದಾಯವಲ್ಲ.

ಈಗ ನಿಮ್ಮ ಲೆಕ್ಕ. ಸೋದರಮಾವನ 4 ಲಕ್ಷ ಪಕ್ಕಕ್ಕಿಡಿ, ಅದಕ್ಕೆ ತೆರಿಗೆ ಇಲ್ಲ. ಉಳಿದದ್ದು 40,000 ಮತ್ತು 35,000. ಐವತ್ತು ಸಾವಿರದ ಮಿತಿ ಒಬ್ಬೊಬ್ಬರಿಗೆ ಬೇರೆ ಬೇರೆ ಎಂದು ನಿಮ್ಮ ಸಹೋದ್ಯೋಗಿಗಳು ತಿಳಿದಂತಿದೆ. ಅದು ಹಾಗಲ್ಲ. ಏಪ್ರಿಲಿನಿಂದ ಮಾರ್ಚ್‌ವರೆಗೆ ಪಟ್ಟಿಯ ಹೊರಗಿನ ಎಲ್ಲರಿಂದ ಬಂದ ಹಣವನ್ನು ಕೂಡಿಸಬೇಕು. ನಿಮ್ಮದು 75,000 ಆಯಿತು. ಮಿತಿ ದಾಟಿದ ಮೇಲೆ ತೆರಿಗೆ ಬೀಳುವುದು ಮೇಲಿನ 25,000ಕ್ಕೆ ಮಾತ್ರವಲ್ಲ, ಪೂರ್ತಿ 75,000ಕ್ಕೆ. ಸರಿಯಾಗಿ 50,000 ಬಂದಿದ್ದರೆ ಸೊನ್ನೆ, ಒಂದು ರೂಪಾಯಿ ಹೆಚ್ಚಾದರೆ 50,001ಕ್ಕೂ ತೆರಿಗೆ.

ಸಾಮಾನ್ಯವಾಗಿ ಇದು ಅಷ್ಟು ನೋವಿನ ಮಾತಲ್ಲ. ನಿಮ್ಮ ಸಂಬಳ ಒಂಬತ್ತು ಲಕ್ಷವಾಗಿದ್ದರೆ ಈ 75,000 ಸೇರಿದರೂ ಒಟ್ಟು ಆದಾಯ ಹನ್ನೆರಡು ಲಕ್ಷದ ಒಳಗೇ ಇರುತ್ತಿತ್ತು, ಹೊಸ ಪದ್ಧತಿಯ ರಿಬೇಟಿನಲ್ಲಿ ತೆರಿಗೆ ಸೊನ್ನೆಯಾಗುತ್ತಿತ್ತು. ಉಡುಗೊರೆಗೆ ವಿಶೇಷ ದರವೇನೂ ಇಲ್ಲ, ಅದು ಬೇರೆ ಆದಾಯದ ಜೊತೆ ಸೇರಿ ಮಾಮೂಲಿ ಹಂತಗಳಲ್ಲೇ ಹೋಗುತ್ತದೆ. ಆದರೆ ನೀವು ನಿಂತಿರುವುದು ಅಂಚಿನ ಮೇಲೆ. 12.5 ಲಕ್ಷದಲ್ಲಿ 75,000 ಪ್ರಮಾಣಿತ ಕಡಿತ ಕಳೆದರೆ 11.75 ಲಕ್ಷ. ಇಲ್ಲಿಯವರೆಗೆ ರಿಬೇಟಿನಿಂದ ತೆರಿಗೆ ಸೊನ್ನೆ, ನಿಮ್ಮ ಕಚೇರಿಯವರೂ ಅದಕ್ಕೇ ಸಂಬಳದಲ್ಲಿ ಏನೂ ಹಿಡಿದಿರಲಾರರು. ಉಡುಗೊರೆಯ 75,000 ಸೇರಿದ ಕೂಡಲೇ ಒಟ್ಟು 12.5 ಲಕ್ಷವಾಗಿ ರಿಬೇಟ್ ಕೈತಪ್ಪುತ್ತದೆ. ಹಂತಗಳ ಪ್ರಕಾರ ಲೆಕ್ಕ ಹಾಕಿದರೆ 67,500. ಹನ್ನೆರಡು ಲಕ್ಷವನ್ನು ಸ್ವಲ್ಪ ಮಾತ್ರ ದಾಟಿದವರಿಗೆ ಒಂದು ರಿಯಾಯಿತಿ ಇದೆ, ದಾಟಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗಬಾರದು ಎಂದು. ನೀವು ದಾಟಿರುವುದು 50,000, ಹಾಗಾಗಿ ತೆರಿಗೆ 50,000, ಅದರ ಮೇಲೆ ಶೇ. 4 ಸೆಸ್ ಸೇರಿ 52,000. ಅಣ್ಣನೂ ಸ್ನೇಹಿತನೂ ಕೊಟ್ಟ 75,000ದಲ್ಲಿ ನಿಮಗೆ ಉಳಿಯುವುದು 23,000. ಇಬ್ಬರೂ ಇಪ್ಪತ್ತೈದು ಇಪ್ಪತ್ತೈದು ಸಾವಿರ ಕೊಟ್ಟಿದ್ದರೆ ಐವತ್ತು ಸಾವಿರವೂ ಹಾಗೆಯೇ ಉಳಿಯುತ್ತಿತ್ತು!

ಮುಯ್ಯಿಯ ಪುಸ್ತಕವನ್ನೂ ಒಮ್ಮೆ ತೆಗೆದು ನೋಡಿ. ಮದುವೆಯ ಮುಯ್ಯಿಗೆ ಕಾಯಿದೆಯಲ್ಲಿ ಪೂರ್ತಿ ವಿನಾಯಿತಿ ಇದೆ, ಕೊಟ್ಟವರು ಯಾರೇ ಆಗಿರಲಿ; ಆದರೆ ಅದು ಮದುವೆಯಾದ ಹುಡುಗ ಹುಡುಗಿಗೆ ಮಾತ್ರ, ಅವರ ತಂದೆ ತಾಯಿಗೆ ಬಂದದ್ದಕ್ಕಲ್ಲ. ಗೃಹಪ್ರವೇಶ, ಉಪನಯನ, ನಾಮಕರಣ, ಹುಟ್ಟುಹಬ್ಬಕ್ಕೆ ಈ ವಿನಾಯಿತಿ ಇಲ್ಲ. ಬೀದಿಯವರು, ಕಚೇರಿಯವರು ಲಕೋಟೆಯಲ್ಲಿಟ್ಟು ಕೊಟ್ಟ ನೂರೊಂದು, ಐನೂರೊಂದೂ ಆ 75,000ದ ಜೊತೆ ಸೇರುತ್ತವೆ. ನೀವಿರುವ ಅಂಚಿನಲ್ಲಿ ಪ್ರತಿ ನೂರು ರೂಪಾಯಿ ಮುಯ್ಯಿಗೆ 104 ರೂಪಾಯಿ ತೆರಿಗೆ. ಫ್ರಿಜ್, ಮಿಕ್ಸಿ, ಗಡಿಯಾರ ಕೊಟ್ಟವರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅವು ಕಾಯಿದೆ ಹೇಳುವ ಸ್ವತ್ತುಗಳ ಪಟ್ಟಿಯಲ್ಲಿಲ್ಲ. ಒಡವೆ, ಚಿನ್ನದ ಗಟ್ಟಿ, ಷೇರು, ನಿವೇಶನ ಇವೆ.

ಇನ್ನು ನೀವು ಮಾಡಬಹುದಾದದ್ದು. ಮೊದಲು ದೊಡ್ಡಪ್ಪನ ಮಗನಿಗೆ ಫೋನ್ ಮಾಡಿ, ಆ 40,000 ಯಾರ ಹಣ ಎಂದು ಕೇಳಿ. ದೊಡ್ಡಪ್ಪ ಬದುಕಿದ್ದು, ಅವರ ಪಿಂಚಣಿಯ ಹಣವನ್ನು ಮಗ ತನ್ನ ಮೊಬೈಲಿನಿಂದ ಕಳಿಸಿರುವುದು ನಮ್ಮಲ್ಲಿ ತೀರಾ ಸಾಮಾನ್ಯ. ಹಾಗಿದ್ದರೆ ಕೊಟ್ಟವರು ದೊಡ್ಡಪ್ಪ, ಅವರು ಪಟ್ಟಿಯೊಳಗಿದ್ದಾರೆ. ಅವರ ಖಾತೆಯಿಂದ ಅದೇ ಹೊತ್ತಿನಲ್ಲಿ ಮಗನ ಖಾತೆಗೆ ಹಣ ಹೋಗಿರುವುದು ಪಾಸ್‌ಬುಕ್ಕಿನಲ್ಲಿ ಕಾಣಬೇಕು, ಅವರಿಂದ ಒಂದು ಪತ್ರವೂ ಇರಬೇಕು. ಆಗ ಪಟ್ಟಿಯ ಹೊರಗೆ ಉಳಿಯುವುದು ಸ್ನೇಹಿತನ 35,000 ಮತ್ತು ಮುಯ್ಯಿ. ಎರಡೂ ಸೇರಿ ಐವತ್ತು ಸಾವಿರ ದಾಟದಿದ್ದರೆ ತೆರಿಗೆ ಸೊನ್ನೆ. ಆದರೆ ಹಣ ನಿಜವಾಗಿಯೂ ಮಗನದ್ದೇ ಆಗಿದ್ದರೆ ಈಗ ಕೂತು ದೊಡ್ಡಪ್ಪನ ಹೆಸರಿನಲ್ಲಿ ಪತ್ರ ಬರೆಸಬೇಡಿ, ಹಿಂದಿನ ತಾರೀಖು ಹಾಕಿ ಸಾಲದ ಪತ್ರವನ್ನೂ ಮಾಡಿಸಬೇಡಿ. ಅಂಥ ಕಾಗದವನ್ನು ಹಿಡಿದುಕೊಂಡು ನನ್ನ ಬಳಿ ಬಂದವರನ್ನು ನಾನು ವಾಪಸು ಕಳಿಸಿದ್ದೇನೆ. ವರ್ಗಾವಣೆಯ ಮುಂದೆ ‘ಗೃಹಪ್ರವೇಶದ ಉಡುಗೊರೆ’ ಎಂದು ಹಣ ಕಳಿಸಿದವರೇ ಟೈಪ್ ಮಾಡಿರುತ್ತಾರೆ.

ತೆರಿಗೆ ಬರುವುದೇ ಖಚಿತವಾದರೆ ರಿಟರ್ನ್ಸ್‌ನಲ್ಲಿ ಇತರ ಮೂಲಗಳ ಆದಾಯದ ಕೆಳಗೆ ತೋರಿಸಿ, 2026–27ರ ಕರನಿರ್ಧಾರಣಾ ವರ್ಷವನ್ನು ಆರಿಸಿ, ಪೋರ್ಟಲಿನಲ್ಲಿ ಸ್ವಯಂ ಕರನಿರ್ಧಾರಣಾ ತೆರಿಗೆ ಕಟ್ಟಿ. ಮುಂಗಡ ತೆರಿಗೆ ಕಟ್ಟಿರದ ಕಾರಣ ಬಡ್ಡಿಯೂ ಬರುತ್ತದೆ, ಏಪ್ರಿಲಿನಿಂದ ಕಟ್ಟುವ ತಿಂಗಳವರೆಗೆ ತಿಂಗಳಿಗೆ ಶೇ. 1, ಹಿಂದಿನ ಕಂತುಗಳು ತಪ್ಪಿದ್ದಕ್ಕೆ ಇನ್ನಷ್ಟು. ತಡ ಮಾಡಿದಷ್ಟೂ ಬೆಳೆಯುತ್ತದೆ.

ಸೋದರಮಾವನ 4 ಲಕ್ಷಕ್ಕೆ ತೆರಿಗೆ ಇಲ್ಲವೆಂದರೆ ಕಾಗದವೂ ಬೇಡವೆಂದಲ್ಲ. ಮನೆ ಕಟ್ಟಿದ ಹಣದ ಮೂಲವನ್ನು ಇಲಾಖೆ ಮುಂದೆಂದಾದರೂ ಕೇಳಿದರೆ ಮೂರು ವಿಷಯ ತೋರಿಸಬೇಕಾಗುತ್ತದೆ: ಅವರು ಯಾರು, ನಿಮಗೆ ಏನಾಗಬೇಕು, ಅಷ್ಟು ಕೊಡುವ ಶಕ್ತಿ ಅವರಿಗಿತ್ತೇ. ಅವರು ಕಬ್ಬು ಬೆಳೆಯುವ ರೈತರಾಗಿದ್ದರೆ ರಿಟರ್ನ್ಸ್ ಸಲ್ಲಿಸಿರುವುದಿಲ್ಲ. ಆಗ ಪಹಣಿ, ಕಾರ್ಖಾನೆಯಿಂದ ಬಂದ ಕಬ್ಬಿನ ಬಿಲ್ಲು, ಆ ಹಣ ಜಮೆಯಾದ ಪಾಸ್‌ಬುಕ್ಕಿನ ಪುಟ ಸಾಕಾಗುತ್ತವೆ. ಇವುಗಳ ಜೊತೆ ‘ನನ್ನ ತಂಗಿಯ ಮಗನಿಗೆ ಪ್ರೀತಿಯಿಂದ ಕೊಟ್ಟಿದ್ದೇನೆ, ವಾಪಸು ಕೇಳುವುದಿಲ್ಲ’ ಎಂದು ಅವರ ಸಹಿಯಿರುವ ಒಂದು ಪತ್ರ ಇಟ್ಟುಕೊಳ್ಳಿ.

ಅವರು ಬ್ಯಾಂಕಿನ ಮೂಲಕ ಕೊಟ್ಟದ್ದು ನಿಮ್ಮ ಪುಣ್ಯ. ಒಬ್ಬರಿಂದ ಒಂದು ದಿನದಲ್ಲಿ, ಅಥವಾ ಒಂದೇ ಸಮಾರಂಭದ ನೆಪದಲ್ಲಿ, ಎರಡು ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದನ್ನು 269ಎಸ್‌ಟಿ ಕಲಮು ನಿಷೇಧಿಸುತ್ತದೆ. ಅಲ್ಲಿ ನೆಂಟರಿಗೆ ರಿಯಾಯಿತಿ ಇಲ್ಲ. ದಂಡ ಬೀಳುವುದು ಪಡೆದವರಿಗೆ, ಪಡೆದಷ್ಟೇ ಮೊತ್ತ. ಮಾವ ಆ 4 ಲಕ್ಷವನ್ನು ಚೀಲದಲ್ಲಿ ತಂದು ಕೊಟ್ಟಿದ್ದರೆ ತೆರಿಗೆಯಿಲ್ಲದ ಹಣಕ್ಕೆ 4 ಲಕ್ಷ ದಂಡ ಬೀಳಬಹುದಿತ್ತು.

ದೊಡ್ಡಪ್ಪನ ಮಗ ಏನು ಹೇಳಿದ ಎಂಬುದನ್ನು ಇಲ್ಲಿಯೇ ಕೆಳಗೆ ಬರೆಯಿರಿ. ಮುಯ್ಯಿಯ ಒಟ್ಟು ಮೊತ್ತವನ್ನು ಪಟ್ಟಿಯೊಳಗಿನವರು ಎಷ್ಟು, ಹೊರಗಿನವರು ಎಷ್ಟು ಎಂದು ಬೇರ್ಪಡಿಸಿ ಕೊಟ್ಟರೆ ಲೆಕ್ಕವನ್ನು ಮತ್ತೊಮ್ಮೆ ಹಾಕಿ ತಿಳಿಸುತ್ತೇನೆ.